ಹಾಕಿ ಟಾಸ್‌ನ ನಾಣ್ಯಕ್ಕೆ ಬೀಟಾ ಪ್ರಯರ್: ನನ್ನ ಅನುಭವ

ಕೊಡಗಿನಲ್ಲಿ ಬೇಸಿಗೆಯೆಂದರೆ ಕುಟುಂಬಗಳ ಹಾಕಿ ಪಂದ್ಯಾವಳಿಯ ಕಾಲ. ಮಡಿಕೇರಿಯಲ್ಲಿ ಪದವಿ ತರಗತಿಗೆ ಸಂಖ್ಯಾಶಾಸ್ತ್ರ ಕಲಿಸುವ ನನ್ನ ಬಳಿಗೆ ಆಟಗಾರನಾದ ವಿದ್ಯಾರ್ಥಿಯೊಬ್ಬ ಒಂದು ನಾಣ್ಯವನ್ನು ತಂದು, "ಸರ್, ಇದಕ್ಕೆ ಹೆಡ್ ಬೀಳುವ ಚಾಳಿ ಇದೆ" ಎಂದ. ಅವನು ಅದನ್ನು ಮನೆಯಲ್ಲಿ ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿದಾಗ ಹೆಡ್‌ಗಳ ಸಾಲೊಂದು ಬಿದ್ದಿತ್ತಂತೆ.

ಇಲ್ಲಿ ಮೊದಲು ತೀರ್ಮಾನಿಸಬೇಕಾದದ್ದು ಪ್ರಯರ್, ಅಂದರೆ ಫಲಿತಾಂಶ ನೋಡುವ ಮೊದಲೇ ನಮಗಿರುವ ನಂಬಿಕೆ, ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು. ಹೆಡ್ ಬೀಳುವ ಸಂಭವನೀಯತೆ ನಾಣ್ಯಕ್ಕಷ್ಟೇ ಸೇರಿದ್ದಲ್ಲ, ಅದನ್ನು ಎಸೆಯುವ ರೀತಿಗೂ ಸೇರಿದ್ದು. ಗಾಳಿಯಲ್ಲಿ ಚಿಮ್ಮಿಸಿದ ನಾಣ್ಯದಲ್ಲಿ ಪಕ್ಷಪಾತ ಬಹಳ ಸಣ್ಣದು. 2023ರಲ್ಲಿ ಪ್ರಕಟವಾದ, ಮೂರೂವರೆ ಲಕ್ಷ ಎಸೆತಗಳ ಪ್ರಯೋಗವೊಂದರಲ್ಲಿ ಕೂಡ, ಆರಂಭದಲ್ಲಿ ಮೇಲಿದ್ದ ಮುಖವೇ ಮತ್ತೆ ಮೇಲೆ ಬಿದ್ದದ್ದು ಶೇಕಡ 50.8 ಬಾರಿ ಮಾತ್ರ. ಬೀಟಾ ವಿತರಣೆಯಲ್ಲಿ ಈ ನಂಬಿಕೆಯನ್ನು ಎರಡು ಸಂಖ್ಯೆಗಳಲ್ಲಿ ಬರೆಯುತ್ತೇವೆ: ಮೊದಲನೆಯದು ಹೆಡ್‌ನ ಪಾಲು, ಎರಡನೆಯದು ಟೇಲ್‌ನ ಪಾಲು, ಎರಡೂ ದೊಡ್ಡದಾದಷ್ಟೂ ನಂಬಿಕೆ ಗಟ್ಟಿ. ಚಿಮ್ಮುವಿಕೆಗಾಗಿದ್ದರೆ ನಾನು Beta(500, 500) ಹಿಡಿಯುತ್ತಿದ್ದೆ. ಆದರೆ ಮೇಜಿನ ಮೇಲೆ ತಿರುಗುವ ನಾಣ್ಯದಲ್ಲಿ ಅಂಚಿನ ಆಕಾರ ಕೆಲಸ ಮಾಡುವುದರಿಂದ ಸಡಿಲವಾದ Beta(10, 10) ಹಿಡಿದೆ. ಇದರ ಸರಾಸರಿ 0.5, ಮಾನಕ ವಿಚಲನೆ ಸುಮಾರು 0.11. ತಿರುಗಿಸುವ ಮೊದಲೇ ಇದನ್ನು ಹಲಗೆಯ ಮೇಲೆ ಬರೆದಿಟ್ಟೆ. ಫಲಿತಾಂಶ ಕಂಡ ಮೇಲೆ ಆರಿಸಿದ್ದು ಪ್ರಯರ್ ಆಗುವುದಿಲ್ಲ.

ಹತ್ತು ಸಲ ತಿರುಗಿಸಿದಾಗ ಮೊದಲು ಸತತ ಆರು ಹೆಡ್, ನಂತರ ಟೇಲ್, ಹೆಡ್, ಟೇಲ್, ಹೆಡ್ ಬಿದ್ದವು. ಹೆಡ್ ಬಿದ್ದಾಗ ಮೊದಲ ಸಂಖ್ಯೆಗೆ ಒಂದು, ಟೇಲ್ ಬಿದ್ದಾಗ ಎರಡನೆಯದಕ್ಕೆ ಒಂದು ಕೂಡಿಸಬೇಕು, ಅಷ್ಟೇ. ಆರನೆಯದರ ಹೊತ್ತಿಗೆ Beta(16, 10), ಸರಾಸರಿ 0.615, ಹತ್ತೂ ಮುಗಿದಾಗ Beta(18, 12), ಸರಾಸರಿ 0.6. ಏನೂ ಗೊತ್ತಿಲ್ಲವೆಂದು Beta(1, 1)ರಿಂದ ಹೊರಟಿದ್ದರೆ ಇದೇ ಹತ್ತು ತಿರುವುಗಳು ಸರಾಸರಿಯನ್ನು 0.75ಕ್ಕೆ ಎಳೆದೊಯ್ಯುತ್ತಿದ್ದವು. ನಾಣ್ಯದ ವಿಷಯದಲ್ಲಿ ಅಷ್ಟು ಅಜ್ಞಾನವನ್ನು ನಟಿಸಲು ನನಗೆ ಮನಸ್ಸಾಗಲಿಲ್ಲ.

ವಿದ್ಯಾರ್ಥಿಗಳಿಗೆ ಸತತ ಆರು ಹೆಡ್‌ಗಳೇ ದೊಡ್ಡದಾಗಿ ಕಂಡವು. ಆದರೆ ತಿರುವುಗಳು ಒಂದಕ್ಕೊಂದು ಸ್ವತಂತ್ರವಾಗಿದ್ದರೆ ಎಂಟು ಹೆಡ್ ಯಾವ ಕ್ರಮದಲ್ಲಿ ಬಂದರೂ ಉತ್ತರ ಒಂದೇ. ಸಾಲು ಬಂದ ಕೂಡಲೇ ಬರೆಯುವುದನ್ನು ನಿಲ್ಲಿಸಿದರೂ ಲೆಕ್ಕ ಕೆಡುವುದಿಲ್ಲ. ಕೆಡುವುದು, ಸಾಲಿಗೆ ಮುಂಚಿನ ತಿರುವುಗಳನ್ನು ಬಿಟ್ಟು ಅಲ್ಲಿಂದಲೇ ಎಣಿಸತೊಡಗಿದಾಗ. ಆ ಹುಡುಗ ಮನೆಯಲ್ಲಿ ಕಂಡ ಸಾಲು ಇದೇ ಬಗೆಯದೆಂಬ ಅನುಮಾನದಿಂದ ಅದನ್ನು ನಾನು ಸೇರಿಸಲಿಲ್ಲ.

ಮರುದಿನ Beta(18, 12)ನ್ನೇ ಪ್ರಯರ್ ಮಾಡಿಕೊಂಡು ಇನ್ನೂ ನಲವತ್ತು ಸಲ ತಿರುಗಿಸಿದೆವು. ಹಳೆಯ ಹತ್ತನ್ನು ಮತ್ತೆ ಎಣಿಸದಂತೆ ಎಚ್ಚರ ವಹಿಸಬೇಕಾಯಿತು. ಇಪ್ಪತ್ತೆರಡು ಹೆಡ್, ಹದಿನೆಂಟು ಟೇಲ್ ಬಂದು Beta(40, 30) ಆಯಿತು: ಸರಾಸರಿ 0.57, ಶೇಕಡ 95ರ ವ್ಯಾಪ್ತಿ ಸುಮಾರು 0.46ರಿಂದ 0.68. 0.5 ಇನ್ನೂ ಅದರೊಳಗೇ ಇದ್ದುದರಿಂದ ಚಾಳಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗಲಿಲ್ಲ. ಅಂಪೈರ್ ಅದನ್ನು ಗಾಳಿಗೆ ಚಿಮ್ಮಿಸುವುದರಿಂದ ಟಾಸ್‌ನ ಬಗ್ಗೆ ಈ ಲೆಕ್ಕ ಏನನ್ನೂ ಹೇಳುವುದಿಲ್ಲವೆಂದೂ ಹುಡುಗನಿಗೆ ತಿಳಿಸಿದೆ.