ಬೆಲ್ಲದ ಕಾಫಿ ಕುಡಿದು ಬರುವವರ ಫಾಸ್ಟಿಂಗ್ ಶುಗರ್: ಮಂಡ್ಯದ ನನ್ನ ಅನುಭವ

'ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ?' ಎಂದು ನನ್ನ ಲ್ಯಾಬಿಗೆ ರಕ್ತಪರೀಕ್ಷೆಗೆ ಬಂದವರನ್ನು ಕೇಳುವುದನ್ನು ನಾನು ಬಿಟ್ಟು ಎರಡು ವರ್ಷದ ಮೇಲಾಯಿತು. ಆ ಪ್ರಶ್ನೆಗೆ ಮಂಡ್ಯದಲ್ಲಿ ಇಲ್ಲ ಎಂದವರೇ ಇಲ್ಲ. ಕಾಫಿ ಕುಡಿದವರೂ ಹೌದು ಎನ್ನುತ್ತಾರೆ, ಎಲೆ ಅಡಿಕೆ ಜಗಿಯುತ್ತಾ ಬಂದವರೂ ಹೌದು ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಪಾಪ. ಅವರ ಲೆಕ್ಕದಲ್ಲಿ ಇಡ್ಲಿ ಇಳಿದರೆ ಮಾತ್ರ ಹೊಟ್ಟೆ ತುಂಬಿದಂತೆ. ಈಗ ನಾನು ಕೇಳುವುದು, 'ಎದ್ದ ಮೇಲೆ ಬಾಯಿಗೆ ಏನೇನು ಹಾಕಿಕೊಂಡಿರಿ, ಎಷ್ಟು ಗಂಟೆಗೆ?' ಇದರ ಹಿಂದೆಯೇ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾರೆ.

ಮೊದಲು ಮಾಡಿದ್ದು ಯಾವುದೂ ಫಲ ಕೊಡಲಿಲ್ಲ. 'ಕಾಫಿ, ಟೀ ಕುಡಿಯಬೇಡಿ' ಎಂದು ದೊಡ್ಡ ಬೋರ್ಡ್ ಬರೆಸಿದೆ. ಬೋರ್ಡ್ ಓದುವ ಹೊತ್ತಿಗೆ ಕಾಫಿ ಒಳಗೆ ಇರುತ್ತಿತ್ತು. ಹಿಂದಿನ ರಾತ್ರಿ ಮೊಬೈಲಿಗೆ ಸಂದೇಶ ಕಳಿಸಿದೆ. ಅದು ಮಗನ ಮೊಬೈಲಿಗೆ ಹೋಗುತ್ತಿತ್ತು, ಮಗ ಬೆಂಗಳೂರಿನಲ್ಲಿ. ಫಾಸ್ಟಿಂಗ್ ಶುಗರ್‌ಗೆ ಆಗ ನಾನು ತೆಗೆದುಕೊಳ್ಳುತ್ತಿದ್ದುದು ಸುಮಾರು 70 ರೂಪಾಯಿ. ಅನುಮಾನ ಬಂದ ಪರೀಕ್ಷೆಯನ್ನು ಮರುದಿನ ಪುಕ್ಕಟೆ ಮಾಡಿಕೊಡುತ್ತಿದ್ದೆ. ಟ್ಯೂಬು, ಸೂಜಿ, ರೀಏಜೆಂಟ್ ಎಲ್ಲ ಸೇರಿ ತಿಂಗಳಿಗೆ ಎರಡು ಮೂರು ಸಾವಿರ ಕೈಬಿಟ್ಟು ಹೋಗುತ್ತಿತ್ತು. ಸಣ್ಣ ಲ್ಯಾಬಿಗೆ ಅದು ಸಣ್ಣ ಮೊತ್ತವಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಪಾಂಡವಪುರದ ಕಡೆಯ ರೈತರು, ಐವತ್ತು ದಾಟಿದವರು. ಫಾಸ್ಟಿಂಗ್ 134 ಅಥವಾ 135 ಬಂತು. 126 ಮುಟ್ಟಿದರೆ ಮಧುಮೇಹದ ಸಾಲಿಗೆ ಸೇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಅದೇ ದಿನದ ಎಚ್‌ಬಿಎ1ಸಿ 5.6ರ ಆಸುಪಾಸಿನಲ್ಲಿ, ನಾರ್ಮಲ್ ಆಗಿಯೇ ಇತ್ತು. ಅದು ಎರಡು ಮೂರು ತಿಂಗಳ ಶುಗರಿನ ಸರಾಸರಿಯ ಲೆಕ್ಕ. ಆ ಬೆಳಗಿನ ಕಾಫಿ ಅದನ್ನು ಕದಲಿಸುವುದಿಲ್ಲ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದಾಗ ಅವರನ್ನು ಕೂರಿಸಿ ಕೇಳಿದೆ.

'ಸಕ್ಕರೆ ಮುಟ್ಟಿಲ್ಲ ಸಾರ್, ಹಾಲೂ ಹಾಕಿಲ್ಲ. ಬೆಲ್ಲದ ಕಾಫಿ, ಒಂದೇ ಲೋಟ.'

ಆಲೆಮನೆಯ ಬೆಲ್ಲ ಮನೆಯಲ್ಲೇ ಇರುವ ಜನ. ಅವರ ಲೋಟವೂ ನಮ್ಮ ಹೋಟೆಲಿನ ಲೋಟವಲ್ಲ. ಹದಿನೈದು ಇಪ್ಪತ್ತು ಗ್ರಾಂ ಬೆಲ್ಲ ಕರಗಿರಬೇಕು, ಅದರಲ್ಲಿ ಬಹುಪಾಲು ಸುಕ್ರೋಸೇ. ಐದೂವರೆಗೆ ಕುಡಿದು ಬಸ್ ಹತ್ತಿದ್ದಾರೆ, ಆರೂಕಾಲರ ಹೊತ್ತಿಗೆ ನಾನು ರಕ್ತ ತೆಗೆದಿದ್ದೇನೆ. ಸಿಹಿ ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಶುಗರ್ ತುದಿ ಮುಟ್ಟುತ್ತದೆ, ಅಂದರೆ ಸರಿಯಾಗಿ ತುದಿಯಲ್ಲೇ ಹಿಡಿದಿದ್ದೆ. ರಾತ್ರಿ ಎಂಟಕ್ಕೆ ಮುದ್ದೆ ಉಂಡು, ಮರುದಿನ ಬೆಳಿಗ್ಗೆ ಬರೀ ನೀರು ಕುಡಿದು ಬನ್ನಿ ಎಂದೆ. 97 ಬಂತು. ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗುವುದು ತಪ್ಪಿತು.

ಹಾಲು ಹಾಕಿದ, ಸಕ್ಕರೆಯಿಲ್ಲದ ಕಾಫಿಯೂ ಖಾಲಿ ಹೊಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ನೂರು ಎಂಎಲ್ ಹಾಲಿನಲ್ಲಿ ಸುಮಾರು ಐದು ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಕೊಬ್ಬು ಬೇರೆ. ಇದರಲ್ಲಿ ಚರ್ಚೆಯೇ ಇಲ್ಲ.

ಚರ್ಚೆ ಇರುವುದು ಏನೂ ಹಾಕದ ಕಪ್ಪು ಕಾಫಿ, ಬ್ಲ್ಯಾಕ್ ಟೀ ಬಗ್ಗೆ. ಇದನ್ನು ನಮ್ಮ ಮೇಲೇ ಮಾಡಿ ನೋಡಿದೆವು. ಖಾಲಿ ಹೊಟ್ಟೆಯಲ್ಲಿ ಒಂದು ಸ್ಯಾಂಪಲ್, ಗಟ್ಟಿ ಡಿಕಾಕ್ಷನ್ ಕುಡಿದು ಮುಕ್ಕಾಲು ಗಂಟೆಗೆ ಇನ್ನೊಂದು. ನನಗೆ 92 ಇದ್ದದ್ದು 95 ಆಯಿತು. ಯಂತ್ರದಲ್ಲಿ ಒಂದೇ ಸ್ಯಾಂಪಲ್ಲನ್ನು ಎರಡು ಸಲ ಹಾಕಿದರೂ ಎರಡು ಮೂರು ಅಂಕ ಆಚೀಚೆ ಆಗುತ್ತದೆ, ಹಾಗಾಗಿ ಅದಕ್ಕೆ ಅರ್ಥವಿಲ್ಲ. ಆದರೆ ಪಕ್ಕದ ಮೆಡಿಕಲ್ ಅಂಗಡಿಯ ಸ್ನೇಹಿತರಿಗೆ ಮಧುಮೇಹವಿದೆ. ಅವರಿಗೆ 130ರ ಹತ್ತಿರ ಇದ್ದದ್ದು 140 ದಾಟಿತು. ಇನ್ನೊಂದು ಬೆಳಿಗ್ಗೆ ಮಾಡಿದಾಗಲೂ ಹೆಚ್ಚುಕಡಿಮೆ ಹಾಗೆಯೇ. ಕೆಫೀನ್ ಅಡ್ರಿನಲಿನ್ ಏರಿಸುತ್ತದೆ, ಇನ್ಸುಲಿನ್ ಕೆಲಸವನ್ನು ತಡೆಯುತ್ತದೆ. ಅದರ ಏಟು ಮಧುಮೇಹ ಇರುವವರಲ್ಲೇ ಚೆನ್ನಾಗಿ ಕಾಣುತ್ತದೆ. ಬ್ಲ್ಯಾಕ್ ಟೀಯಲ್ಲಿ ನಮಗೆ ವ್ಯತ್ಯಾಸವೇ ಕಾಣಲಿಲ್ಲ. ಒಂದಿಬ್ಬರ ಮೇಲೆ ಮಾಡಿದ ಪ್ರಯೋಗ, ಅದನ್ನು ಹಿಡಿದು ಯಾರಿಗೂ ಟೀ ಕುಡಿಯಿರಿ ಎನ್ನುವುದಿಲ್ಲ. ನಾರ್ಮಲ್ ಗಡಿಯ ಆಚೀಚೆ ಇರುವ 99 ಮತ್ತು 102ರ ನಡುವೆ ಒಬ್ಬರ ವರದಿಯ ಹಣೆಬರಹವೇ ಬದಲಾಗುತ್ತದೆ. ಶುಗರ್‌ಗೆ, ಕೊಲೆಸ್ಟ್ರಾಲ್‌ಗೆ ಬಂದರೆ ನೀರೊಂದೇ. ಬರೀ ಥೈರಾಯ್ಡಿನ ಟಿಎಸ್‌ಎಚ್‌ಗೋ ಕಿಡ್ನಿಯ ಕ್ರಿಯೇಟಿನಿನ್‌ಗೋ ಬಂದವರು ಕಾಫಿ ಕುಡಿದಿದ್ದರೆ ನಾನು ಹುಬ್ಬು ಏರಿಸುವುದಿಲ್ಲ.

ನೀರಿನ ವಿಷಯಕ್ಕೇ ಜಗಳ ಹೆಚ್ಚು ಆದದ್ದು. 'ನೀರೂ ಮುಟ್ಟಬೇಡಿ' ಎಂದು ಹೇಳಿ ಕಳಿಸುವವರು ಇನ್ನೂ ಇದ್ದಾರೆ. ನಾನು ಎದ್ದ ಕೂಡಲೇ ಒಂದು ಲೋಟ ನೀರು ಕುಡಿದು ಬನ್ನಿ ಎಂದಾಗ ಮೈಸೂರಿನ ಹಳೆಯ ಸಹೋದ್ಯೋಗಿಯೊಬ್ಬರು, 'ರಕ್ತ ತೆಳುವಾಗಿ ಶುಗರ್ ಇಳಿದೀತು' ಎಂದು ನಕ್ಕಿದ್ದರು. ಲೋಟ ನೀರಿಗೆ ಶುಗರ್ ಇಳಿಯುವುದಿಲ್ಲ, ಕುಡಿದವರ, ಕುಡಿಯದವರ ವರದಿ ಜೋಡಿಸಿ ತೋರಿಸಿದೆ. ಬದಲಿಗೆ ಬೇಸಿಗೆಯಲ್ಲಿ ನೀರಿಲ್ಲದೆ ಬಂದ ಅಜ್ಜಿಯ ತೋಳಿನಲ್ಲಿ ನರ ಹುಡುಕಿ ನೋಡಿ: ಒತ್ತಿದರೆ ಸಿಗುವುದಿಲ್ಲ, ಸಿಕ್ಕರೂ ಸೂಜಿ ತಾಗುತ್ತಲೇ ಜಾರುತ್ತದೆ, ರಕ್ತ ತೊಟ್ಟು ತೊಟ್ಟಾಗಿ ಬರುತ್ತದೆ. ಸಿರಿಂಜ್ ಜೋರಾಗಿ ಎಳೆದರೆ ರಕ್ತಕಣಗಳು ಒಡೆದು, ರಕ್ತದ ತಿಳಿ ದ್ರವವಾದ ಸೀರಮ್ ಕೆಂಪಗಾಗುತ್ತದೆ, ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ನೀರು ಕುಡಿಸಲು ಶುರು ಮಾಡಿದ ಮೇಲೆ ಇಂಥ ಕೆಂಪು ಸೀರಮ್ ಅರ್ಧಕ್ಕಿಂತ ಕಡಿಮೆಯಾಯಿತು. ನಕ್ಕವರೂ ಈಗ ನೀರು ಕುಡಿಸುತ್ತಾರೆ. ನೀರು ಎಂದರೆ ನೀರು ಮಾತ್ರ. ನಿಂಬೆ, ಜೇನು ಬೆರೆತದ್ದಲ್ಲ.

ಕಾಫಿಯಿಂದ ಶುಗರ್ ಏರುವುದಕ್ಕೆ ತದ್ವಿರುದ್ಧದ ತಪ್ಪೂ ಒಂದಿದೆ. ಕ್ಯಾಂಪುಗಳಲ್ಲಿ ಸಾದಾ ಟ್ಯೂಬಿಗೆ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಕಣ ಬೇರ್ಪಡಿಸದೆ ಎರಡು ತಾಸು ಇಟ್ಟರೆ ಕಣಗಳೇ ಗ್ಲೂಕೋಸ್ ತಿನ್ನುತ್ತವೆ, ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು. ಕಾಫಿ ಏರಿಸಿದ್ದನ್ನು ಟ್ಯೂಬ್ ಇಳಿಸಿ, ವರದಿ ಚೆಂದವಾಗಿ 'ನಾರ್ಮಲ್' ಎನ್ನುತ್ತದೆ. ಕಣಗಳು ಗ್ಲೂಕೋಸ್ ತಿನ್ನುವುದನ್ನು ತಡೆಯುವ, ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಒಂದೆರಡು ರೂಪಾಯಿ ಹೆಚ್ಚು ಕೊಡಲು ಹಿಂದೆಮುಂದೆ ನೋಡುವವರಿಗೆ ಇದನ್ನೇ ಹೇಳುತ್ತೇನೆ. ಫ್ಲೋರೈಡಿಗೂ ಪೂರ್ತಿ ಹಿಡಿತ ಸಿಗಲು ಒಂದು ಗಂಟೆಯಾದರೂ ಬೇಕು, ಆದ್ದರಿಂದ ತಡಮಾಡದೆ ಸೆಂಟ್ರಿಫ್ಯೂಜ್ ಮಾಡುವುದೇ ಒಳ್ಳೆಯದು.

ಬಾಡೂಟದ ಮರುದಿನ ಟ್ರೈಗ್ಲಿಸರೈಡ್ ಪರೀಕ್ಷೆಗೆ ಬರುವವರ ಕಥೆ ಬೇರೆಯೇ. ಹನ್ನೆರಡು ಗಂಟೆ ಕಳೆದಿದ್ದರೂ ಕೆಲವರ ಸೀರಮ್ ಮಜ್ಜಿಗೆಯಂತೆ ಇರುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಲೆಕ್ಕ ಹಾಕಿ ತೆಗೆಯುವ ಎಲ್‌ಡಿಎಲ್ ನಂಬುವಂತಿಲ್ಲ. ಅವರನ್ನು ಒಂದು ವಾರ ಬಿಟ್ಟು ಕರೆಯುತ್ತೇನೆ.

ಕೊನೆಗೂ ಕೈಹಿಡಿದದ್ದು ಕಾಫಿಯೇ. ಪಕ್ಕದ ಹೋಟೆಲಿನವರ ಜೊತೆ ಮಾತಾಡಿ ಹದಿನೈದರ ಕಾಫಿಯನ್ನು ಹತ್ತಕ್ಕೆ ಗೊತ್ತು ಮಾಡಿದೆ. ರಕ್ತ ಕೊಟ್ಟವರಿಗೆ ಒಂದು ಟೋಕನ್. ಬಾಗಿಲನ್ನು ಆರು ಗಂಟೆಗೇ ತೆರೆದೆ. 'ರಕ್ತ ಕೊಟ್ಟ ತಕ್ಷಣ ಕಾಫಿ ಸಿಗುತ್ತದೆ' ಎಂಬ ಸುದ್ದಿ ಬೋರ್ಡಿಗಿಂತ ಬೇಗ ಹರಡಿತು. ಮನೆಯಲ್ಲಿ ಕುಡಿದು ಬರುವುದು ಬಹುಮಟ್ಟಿಗೆ ತಾನಾಗಿ ನಿಂತಿತು. 'ರೋಗಿಗಳಿಗೆ ಕಾಫಿ ಕುಡಿಸಿ ಲ್ಯಾಬ್ ಮುಚ್ಚುತ್ತೀಯ' ಎಂದಿದ್ದ ಬಾವನಿಗೆ ತಿಂಗಳ ಲೆಕ್ಕ ತೋರಿಸಿದೆ: ಪುಕ್ಕಟೆ ಮರುಪರೀಕ್ಷೆಯ ಖರ್ಚಿಗಿಂತ ಕಾಫಿಯ ಖರ್ಚು ಕಡಿಮೆ.

ಊಟದ ನಂತರದ ಶುಗರ್ ಪರೀಕ್ಷೆಯೂ ಇರುವವರಿಗೆ ಮಾತ್ರ ಆಗಲೇ ಕುಡಿಯುವ ಕಾಫಿಯ ಟೋಕನ್ ಕೊಡುವುದಿಲ್ಲ. ಎರಡು ಗಂಟೆಯ ಲೆಕ್ಕ ತಿಂಡಿಯ ಮೊದಲ ತುತ್ತಿನಿಂದ ಶುರು. ಕಾಫಿ ಮೊದಲು ಕುಡಿದು, ದೋಸೆಗೆ ಮುಕ್ಕಾಲು ಗಂಟೆ ಕಾದರೆ ಆ ಲೆಕ್ಕ ಕೆಡುತ್ತದೆ. ಅವರ ಟೋಕನ್ ಮೇಲೆ 'ತಿಂಡಿಯ ಜೊತೆ' ಎಂದು ಮುದ್ರೆ ಒತ್ತಿ, ತಿಂಡಿ ಶುರು ಮಾಡಿದ ಸಮಯವನ್ನು ಹೋಟೆಲಿನ ಹುಡುಗನ ಕೈಯಲ್ಲೇ ಅದರ ಹಿಂದೆ ಬರೆಸುತ್ತೇನೆ. ಕಪ್ಪು ಕಾಫಿ ಕುಡಿದೇ ನಾಗಮಂಗಲದಿಂದ ಬಸ್ಸಿನಲ್ಲಿ ಬಂದವರನ್ನು ವಾಪಸ್ ಕಳಿಸುವುದೂ ಇಲ್ಲ. ರಕ್ತ ತೆಗೆದು, ಕುಡಿದದ್ದು ಏನು, ಎಷ್ಟು ಹೊತ್ತಿಗೆ ಎಂದು ವರದಿಯಲ್ಲೇ ಬರೆಯುತ್ತೇನೆ. ಅಂಕ ಗಡಿಯ ಹತ್ತಿರವಿದ್ದರೆ ಮತ್ತೊಮ್ಮೆ ಮಾಡಿಸಬೇಕೋ ಬೇಡವೋ ಎಂಬುದನ್ನು ಅದನ್ನು ನೋಡಿ ಡಾಕ್ಟರೇ ತೀರ್ಮಾನಿಸುತ್ತಾರೆ.