‘ಎಂತ’, ‘ರೀ’, ‘ಕಣ್ಲಾ’ ಸೇರಿಸಿದರೆ ಸಾಲದು: ಜಾಹೀರಾತಿನ ಸಂಭಾಷಣೆಗೆ ಆಡುಮಾತು ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಬರೆದ ಸಂಭಾಷಣೆಯನ್ನು ಕರಾವಳಿಗೆ ಕಳಿಸಬೇಕು ಅಂದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ಅಲ್ಲಲ್ಲಿ ಒಂದು ‘ಮಾರಾಯ’ ಹಾಕುತ್ತಾರೆ. ಉತ್ತರ ಕರ್ನಾಟಕಕ್ಕಾದರೆ ಪ್ರತಿ ಸಾಲಿನ ಕೊನೆಗೆ ‘ರೀ’, ಮಂಡ್ಯಕ್ಕಾದರೆ ‘ಕಣ್ಲಾ’. ಕ್ಲೈಂಟ್ ಒಪ್ಪುತ್ತಾರೆ, ರೆಕಾರ್ಡಿಂಗ್ ಮುಗಿಯುತ್ತದೆ. ಆದರೆ ಆ ಊರಿನವರು ಕೇಳಿದ ತಕ್ಷಣ ‘ಇದು ನಮ್ಮವರು ಮಾತಾಡಿದ್ದಲ್ಲ’ ಅಂತ ಹಿಡಿದುಬಿಡುತ್ತಾರೆ, ಯಾಕಂದ್ರೆ ಊರಿನ ಗುರುತು ಇರುವುದು ಈ ಪದಗಳಿಗಿಂತ ಜಾಸ್ತಿ ಕ್ರಿಯಾಪದದ ಬಾಲದಲ್ಲಿ. ‘ಏನ್ ಮಾಡ್ತಿದೀಯ ಮಾರಾಯ’ ಅನ್ನುವ ಸಾಲಿನಲ್ಲಿ ಮಾರಾಯ ಒಬ್ಬನೇ ಮಂಗಳೂರಿನವನು, ಉಳಿದದ್ದೆಲ್ಲ ಬೆಂಗಳೂರು.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಮನೆಯ ಹೊರಗೋಡೆಗೆ ಹಚ್ಚುವ ಪೇಂಟ್‌ನ ಒಂದು ರೇಡಿಯೊ ಜಾಹೀರಾತನ್ನು ಇಟ್ಟುಕೊಂಡು ನೋಡೋಣ. 30 ಸೆಕೆಂಡಿನದು, ಇಬ್ಬರು ಮಾತಾಡುತ್ತಾರೆ. ಮಂಗಳೂರು, ಹುಬ್ಬಳ್ಳಿ, ಮಂಡ್ಯ, ಮೂರು ಕಡೆಗೆ ಮೂರು ಆವೃತ್ತಿ ಬೇಕು.

ಮೊದಲು ಮಾಧ್ಯಮ ನೋಡಿ

ಜಾಹೀರಾತು ಎಲ್ಲಿ ಪ್ರಸಾರವಾಗುತ್ತದೆ ಅನ್ನುವುದು ಗೊತ್ತಾಗದೆ ಒಂದು ಸಾಲೂ ಬರೆಯಬೇಡಿ. ರಾಜ್ಯಪೂರ್ತಿ ಕಾಣುವ ಟಿವಿ ವಾಹಿನಿಯಾದರೆ ಎಲ್ಲರಿಗೂ ತಲುಪುವುದು ಒಂದೇ ಆವೃತ್ತಿ. ಅಲ್ಲಿ ಒಂದು ಕಡೆಯ ಆಡುಮಾತು ಹಾಕಿದರೆ ಉಳಿದವರೂ ಅದನ್ನೇ ಕೇಳಬೇಕು. ಎಫ್‌ಎಂ, ಆಕಾಶವಾಣಿಯ ಮಂಗಳೂರು, ಧಾರವಾಡ, ಕಲಬುರಗಿ, ಮೈಸೂರಿನಂಥ ಕೇಂದ್ರಗಳು, ಸ್ಥಳೀಯ ಕೇಬಲ್, ಜಿಲ್ಲೆ ಆರಿಸಿ ತೋರಿಸುವ ಮೊಬೈಲ್ ಜಾಹೀರಾತು, ಇವುಗಳಲ್ಲಿ ಮಾತ್ರ ಬೇರೆ ಬೇರೆ ಆವೃತ್ತಿಗೆ ಅರ್ಥವಿದೆ.

ಆಮೇಲೆ ದಿಕ್ಕು ಬಿಟ್ಟು ಊರಿನ ಹೆಸರು ಹೇಳಿ

‘ಉತ್ತರ ಕರ್ನಾಟಕ ಭಾಷೆ’ ಅಂತ ಬ್ರೀಫ್‌ನಲ್ಲಿ ಬರೆದರೆ ಬರಹಗಾರನಿಗೆ ಏನೂ ಹೇಳಿದಂತಾಗಲಿಲ್ಲ. ಹುಬ್ಬಳ್ಳಿ ಕಡೆ ‘ಎಲ್ಲೈತ್ರಿ’ ಅಂದರೆ ಕಲಬುರಗಿಯಲ್ಲಿ ‘ಎಲ್ಲಿ ಅದರಿ’ ಅನ್ನುತ್ತಾರೆ. ಹುಬ್ಬಳ್ಳಿಯಲ್ಲಿ ‘ಹಚ್ಚಾಕತ್ತಾರ’, ಕಲಬುರಗಿಯಲ್ಲಿ ‘ಹಚ್ಚಲತ್ತಾರ’. ಇನ್ನೊಂದು ಸೂಕ್ಷ್ಮ ಇದೆ. ಧಾರವಾಡದಲ್ಲೇ ಕೆಲವು ಮನೆಗಳಲ್ಲಿ ‘ಐತಿ’ ಬದಲು ‘ಅದ’ ಅನ್ನುತ್ತಾರೆ. ಅಂದ್ರೆ ಒಂದು ಕ್ರಿಯಾಪದದಲ್ಲಿ ಊರಷ್ಟೇ ಅಲ್ಲ, ಜಾತಿ ಮತ್ತು ಓದಿನ ಸುಳಿವೂ ಕೇಳುಗರಿಗೆ ಸಿಕ್ಕಿಬಿಡುತ್ತದೆ. ಪಾತ್ರ ಯಾರು ಅಂತ ಮೊದಲೇ ತೀರ್ಮಾನಿಸದಿದ್ದರೆ ಇಂಥ ಸುಳಿವುಗಳು ಒಂದಕ್ಕೊಂದು ಹೊಡೆದಾಡುತ್ತವೆ.

ಕರಾವಳಿಯಂತೂ ಒಂದೇ ಅಲ್ಲ. ಮಂಗಳೂರು, ಉಡುಪಿ ಕಡೆಯ ಬಹಳಷ್ಟು ಮನೆಗಳಲ್ಲಿ ಮಾತಾಡುವುದು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಬರುವುದು ಶಾಲೆ, ಆಫೀಸು, ಬಸ್ಸು, ಅಂಗಡಿಯಲ್ಲಿ, ಬೇರೆ ಮನೆಮಾತಿನವರ ಜೊತೆ. ಅದಕ್ಕೇ ಅಲ್ಲಿನ ಕನ್ನಡ ಪುಸ್ತಕದ ಭಾಷೆಗೆ ಹತ್ತಿರ. ಇದರಿಂದ ದೃಶ್ಯವೇ ಬದಲಾಗಬೇಕಾಗುತ್ತದೆ. ತಾಯಿ ಮಗ ಅಡುಗೆಮನೆಯಲ್ಲಿ ಮಾತಾಡುವ ದೃಶ್ಯವನ್ನು ಮಂಗಳೂರು ಕನ್ನಡದಲ್ಲಿ ಬರೆದರೆ ಪದಗಳೆಲ್ಲ ಸರಿಯಿದ್ದರೂ ಸುಳ್ಳು ಅನ್ನಿಸುತ್ತದೆ, ಆ ತಾಯಿ ಮಗ ತುಳುವಿನಲ್ಲಿ ಮಾತಾಡ್ತಿದ್ರು ಅಲ್ವಾ? ಅದೇ ಮಾತನ್ನು ಹಾರ್ಡ್‌ವೇರ್ ಅಂಗಡಿಗೆ ಅಥವಾ ಹೊಸ ನೆರೆಯವರ ಗೇಟಿಗೆ ತನ್ನಿ, ಸರಿಹೋಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಾಗಿಲ್ಲ. ಅಲ್ಲಿ ಕನ್ನಡವೇ ಮನೆಮಾತು, ಅದೂ ‘ಎಲ್ಲಿಗ್ ಹೋಪ್ದ್’ ಅನ್ನುವ ಬೇರೆಯದೇ ಕನ್ನಡ. ಉತ್ತರ ಕನ್ನಡದ ಹವ್ಯಕರ ಮಾತು ಮತ್ತೂ ಬೇರೆ. ಇವನ್ನೆಲ್ಲ ‘ಕರಾವಳಿ ಶೈಲಿ’ ಅಂತ ಒಂದೇ ಪಾತ್ರೆಗೆ ಸುರಿದರೆ ಯಾರದ್ದೂ ಆಗುವುದಿಲ್ಲ.

ಸಂಭಾಷಣೆ ಬರೆಯುವ ಮೊದಲು ಸಂಗತಿ ಬರೆಯಿರಿ

ಬಹಳ ಜನ ಇಲ್ಲೇ ಎಡವುವುದು. ಒಂದು ಆವೃತ್ತಿಯನ್ನು ಪೂರ್ತಿ ಬರೆದು, ಅದನ್ನು ಉಳಿದ ಎರಡಕ್ಕೆ ಪದಪದ ಬದಲಾಯಿಸಲು ಕೂರುತ್ತಾರೆ. ಹಾಗೆ ಮಾಡಬೇಡಿ. ಕಾಗದದ ಮೇಲೆ ಬರೀ ಸಂಗತಿ ಇರಲಿ: ನೆರೆಯವನು ಗೋಡೆ ನೋಡಿ ಆಶ್ಚರ್ಯಪಡುತ್ತಾನೆ, ಯಾವ ಬಣ್ಣ ಅಂತ ಕೇಳುತ್ತಾನೆ, ಮನೆಯವನು ಹೋದ ವರ್ಷ ಮಾಡಿಸಿದ್ದು ಅನ್ನುತ್ತಾನೆ, ಇವನು ತಾನೂ ಮಾಡಿಸಲು ಹೊರಡುತ್ತಾನೆ. ಇದನ್ನು ಆ ಊರಿನ ಒಬ್ಬರಿಗೆ ಹೇಳಿ, ಅವರ ಮಾತಲ್ಲೇ ಆಡಲು ಬಿಟ್ಟು, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಡಿ ಅಂತ ಕೇಳಬೇಡಿ. ಪೆನ್ನು ಹಿಡಿದ ತಕ್ಷಣ ಎಲ್ಲರೂ ಶಾಲೆಯ ಕನ್ನಡಕ್ಕೆ ಹೊರಳುತ್ತಾರೆ.

ಹೀಗೆ ಮಾಡಿದಾಗ ಮಂಗಳೂರಿನ ಆವೃತ್ತಿ ಹೆಚ್ಚುಕಮ್ಮಿ ಹೀಗೆ ಬರುತ್ತದೆ:

“ಎಂತ ಮಾರಾಯ್ರೆ, ಇಷ್ಟು ಮಳೆ ಬಂದ್ರೂ ನಿಮ್ಮ ಗೋಡೆಯಲ್ಲಿ ಪಾಚಿಯೇ ಇಲ್ವಲ್ಲ! ಯಾವ ಪೈಂಟ್ ಕೊಟ್ಟದ್ದು?”
“ಹೋದ ವರ್ಷ ಕೊಟ್ಟದ್ದು. ಮತ್ತೆ ಮುಟ್ಲಿಕ್ಕೇ ಇಲ್ಲ.”
“ಹಾಗಾದ್ರೆ ನಮ್ಮ ಮನೆಗೂ ಅದನ್ನೇ ಕೊಡುವ. ಅಂಗಡಿ ಎಲ್ಲುಂಟು?”

ಹುಬ್ಬಳ್ಳಿ ಕಡೆ:

“ಏನ್ರೀ ಅಣ್ಣಾರ, ಇಂಥಾ ಬಿಸಲಾಗೂ ನಿಮ್ಮ ಮನಿ ಬಣ್ಣ ಒಂದೀಟೂ ಮಾಸಿಲ್ಲಲ್ರೀ! ಯಾವ್ದು ಹಚ್ಚೀರಿ?”
“ಹ್ವಾದ ವರ್ಷ ಹಚ್ಚಿಸಿದ್ದು. ಮತ್ತ ಕೈ ಹಚ್ಚೇ ಇಲ್ಲ ನೋಡ್ರಿ.”
“ಹಂಗಾರ ನಮ್ಮ ಮನಿಗೂ ಅದನ್ನ ಹಚ್ಚಿಸೂಣು. ಅಂಗಡಿ ಎಲ್ಲೈತ್ರಿ?”

ಮಂಡ್ಯದ ಹಳ್ಳಿ ಕಡೆ:

“ಏನಣ್ಣೋ, ಮಳೆ ಹಿಂಗ್ ಹುಯ್ದ್ರೂ ನಿನ್ ಮನೆ ಗ್ವಾಡೆ ಹಂಗೇ ಐತಲ್ಲ! ಯಾವ್ ಬಣ್ಣ ಹೊಡ್ಸ್ದೆ?”
“ಹೋದ್ ವರ್ಸ ಹೊಡ್ಸಿದ್ದು ಕಣಪ್ಪ. ಆಮೇಕೆ ಮುಟ್ಟೇ ಇಲ್ಲ.”
“ಹಂಗಾರೆ ನಾವೂ ಅದ್ನೇ ಹೊಡ್ಸಾನ. ಅಂಗ್ಡಿ ಎಲ್ಲೈತೆ?”

ಸ್ವಲ್ಪ ಹತ್ತಿರದಿಂದ ನೋಡಿ. ಒಬ್ಬರು ಪೈಂಟ್ ಕೊಡುತ್ತಾರೆ, ಒಬ್ಬರು ಬಣ್ಣ ಹಚ್ಚುತ್ತಾರೆ, ಒಬ್ಬರು ಹೊಡೆಸುತ್ತಾರೆ. ಕೊನೆಯ ಸಾಲಿನಲ್ಲಿ ಕೊಡುವ, ಹಚ್ಚಿಸೂಣು, ಹೊಡ್ಸಾನ. ಊರು ಗೊತ್ತಾಗುವುದು ಇಂಥ ಜಾಗದಲ್ಲಿ. ಮೊದಲ ಆವೃತ್ತಿಯ ‘ಮಾರಾಯ್ರೆ’ ತೆಗೆದರೂ ‘ಕೊಟ್ಟದ್ದು’, ‘ಮುಟ್ಲಿಕ್ಕೇ’, ‘ಎಲ್ಲುಂಟು’ ಸೇರಿ ಮಂಗಳೂರನ್ನು ಹಿಡಿದುಕೊಂಡಿರುತ್ತವೆ. ಇದನ್ನೇ ಪರೀಕ್ಷೆಯಾಗಿ ಬಳಸಿ. ಮಾರಾಯ, ರೀ, ಕಣ ಎಲ್ಲ ಹೊಡೆದುಹಾಕಿ ಓದಿ. ಆಗಲೂ ಊರು ಗೊತ್ತಾದರೆ ಸಾಲು ನಿಂತಿದೆ. ಗೊತ್ತಾಗದಿದ್ದರೆ ನಿಮ್ಮ ಹತ್ತಿರ ಇರುವುದು ಬೆಂಗಳೂರಿನ ಸಾಲು, ಮೇಲೆ ಬರೀ ಒಗ್ಗರಣೆ.

ದೂರು ಕೂಡ ಬದಲಾಗಿದ್ದನ್ನು ಗಮನಿಸಿ. ಕರಾವಳಿಯವನ ಚಿಂತೆ ಪಾಚಿ, ಹುಬ್ಬಳ್ಳಿಯವನದು ಬಿಸಿಲು. ಆದರೆ ನಿಮ್ಮ ಪೇಂಟ್ ಆ ಕೆಲಸ ನಿಜವಾಗಿಯೂ ಮಾಡುತ್ತದೆಯಾ ಅಂತ ಕಂಪನಿಯವರಿಂದ ಖಚಿತ ಮಾಡಿಕೊಳ್ಳಿ. ಪಾಚಿ ತಡೆಯುತ್ತದೆ ಅಂತ ಪಾತ್ರ ಹೇಳಿದರೂ ಅದು ಜಾಹೀರಾತು ಕೊಡುವ ಭರವಸೆಯೇ, ರುಜುವಾತು ಕೇಳುವವರು ಕೇಳುತ್ತಾರೆ.

ಗೌರವದ ಲೆಕ್ಕ ಬೇರೆ ಇಡಿ

ಒಂದೇ ಮಾತು ಒಂದೊಂದು ಕಡೆ ಒಂದೊಂದು ತೂಕ. ಉತ್ತರದಲ್ಲಿ ‘ರೀ’ ಸಹಜ ಮರ್ಯಾದೆ, ಗುರುತಿಲ್ಲದವರಿಗೂ ಸಲ್ಲುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಅಪರಿಚಿತರು ‘ಏನ್ರೀ’ ಅಂದರೆ ಜಗಳಕ್ಕೆ ಬಂದಹಾಗೆ ಕೇಳಬಹುದು. ಮಂಡ್ಯದ ಹಳ್ಳಿಯಲ್ಲಿ ಅಣ್ಣ ಅಂದು ಏಕವಚನದಲ್ಲಿ ಮಾತಾಡಿದರೆ ಸಲಿಗೆ, ಅದನ್ನೇ ಮಂಗಳೂರಿನಲ್ಲಿ ಪರಿಚಯವಿಲ್ಲದವರಿಗೆ ಅಂದರೆ ಒರಟು. ಅದಕ್ಕೇ ಮೇಲಿನ ಮೂರರಲ್ಲಿ ಮಂಡ್ಯದವನು ಮಾತ್ರ ‘ನಿನ್ ಮನೆ’ ಅಂದಿರುವುದು. ‘ಮಾರಾಯ’ ಗೆಳೆಯನಿಗೆ, ‘ಮಾರಾಯ್ರೆ’ ಮರ್ಯಾದೆಗೆ, ‘ಮಾರಾಯ್ತಿ’ ಹೆಂಗಸರಿಗೆ, ಅದೂ ಸಲಿಗೆ ಇದ್ದರೆ. ‘ಕಣ್ಲಾ’ ಅಂತೂ ಸಮವಯಸ್ಕ ಗಂಡಸರ ನಡುವೆ ಅಥವಾ ಕಿರಿಯರಿಗೆ ಮಾತ್ರ. ಅಂಗಡಿಯವನು ಗಿರಾಕಿಗೆ ‘ಕಣ್ಲಾ’ ಅಂದರೆ ಗಿರಾಕಿ ಎದ್ದು ಹೋಗುತ್ತಾನೆ.

ದಕ್ಷಿಣಕ್ಕೆ ಆಡುಮಾತು ಬೇಕೇ ಬೇಕಾ?

ನನ್ನ ಅಭಿಪ್ರಾಯ, ಬಹಳ ಸಲ ಬೇಡ. ಬೆಂಗಳೂರು, ಮೈಸೂರಿನ ನಗರದ ಕಿವಿಗೆ ‘ಇದೆ’, ‘ಮಾಡಿಸಿದೀನಿ’, ‘ಹೋಗೋಣ’ ಅನ್ನುವ ಮಾತೇ ಮನೆಯ ಮಾತು. ಅವರಿಗೆ ಮಂಡ್ಯದ ಹಳ್ಳಿ ಮಾತು ಕೇಳಿಸಿದರೆ ಸಿನಿಮಾದ ಹಾಸ್ಯ ಪಾತ್ರ ನೆನಪಾಗಬಹುದು. ಹಳ್ಳಿಯ ಕೇಳುಗರಿಗೇ ಮಾರುವುದಾದರೆ, ಪಂಪ್‌ಸೆಟ್ಟು, ಪಶು ಆಹಾರ, ಬೀಜದಂಥ ವಸ್ತುವಾದರೆ ಬಳಸಿ. ಆಗಲೂ ಚಾಮರಾಜನಗರ ಬೇರೆ, ಕೋಲಾರ ಬೇರೆ ಅನ್ನುವುದು ತಲೆಯಲ್ಲಿರಲಿ.

ಬುದ್ಧಿವಂತ ಪಾತ್ರಕ್ಕೂ ಆಡುಮಾತು ಕೊಡಿ

ಇದು ನನಗೆ ತುಂಬಾ ನೋವು ಕೊಡುವ ವಿಷಯ. ಡಾಕ್ಟರ್, ಇಂಜಿನಿಯರ್, ಬ್ಯಾಂಕಿನವರು ಬೆಂಗಳೂರು ಕನ್ನಡ ಮಾತಾಡುತ್ತಾರೆ, ತಪ್ಪು ಸಾಮಾನು ಕೊಂಡು ಬೈಸಿಕೊಳ್ಳುವವನಿಗೆ ಮಾತ್ರ ಊರ ಮಾತು. ಕೇಳುಗ ತನ್ನ ಭಾಷೆಯನ್ನು ದಡ್ಡನ ಬಾಯಲ್ಲಿ ಕೇಳಿ ನಿಮ್ಮ ಪೇಂಟ್ ಯಾಕೆ ಕೊಳ್ಳಬೇಕು? ನಮ್ಮ ಉದಾಹರಣೆಯಲ್ಲಿ ಕೇಳುವವನು, ಉತ್ತರ ಗೊತ್ತಿರುವವನು, ಇಬ್ಬರೂ ಒಂದೇ ಭಾಷೆ ಆಡುತ್ತಾರೆ. ನಂತರ ಬರುವ ಕಂಪನಿಯ ದನಿ, ಅಂದರೆ ಹೆಸರು, ಘೋಷವಾಕ್ಯ, ಫೋನ್ ನಂಬರ್, ಷರತ್ತು, ಮೂರರಲ್ಲೂ ಸಾದಾ ಕನ್ನಡದಲ್ಲೇ ಇರಲಿ. ಅದು ಎಲ್ಲ ಕಡೆ ಒಂದೇ ಆಗಿ ನೆನಪಿರಬೇಕು.

ಕೇಳಿಸಿ ನೋಡುವಾಗ

ಆ ಊರಿನ ಕೆಲವರಿಗೆ ಕಚ್ಚಾ ರೆಕಾರ್ಡಿಂಗ್ ಕೇಳಿಸಿ. ‘ಹೇಗಿದೆ’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಇವರು ಯಾವ ಊರಿನವರು ಅನ್ನಿಸ್ತದೆ?’ ಅಂತ ಕೇಳಿ. ತಾಲ್ಲೂಕಿನ ಹೆಸರು ಬಂದರೆ ಗೆದ್ದಿರಿ. ‘ಸಿನಿಮಾದವರ ಹಾಗೆ’ ಅಂದರೆ ಮತ್ತೆ ಬರೆಯಿರಿ. ಆಮೇಲೆ ಅದೇ ಮಾತನ್ನು ನೆನಪಿನಿಂದ ಹೇಳಲು ಬಿಡಿ. ಅವರು ತಮಗೇ ಗೊತ್ತಿಲ್ಲದೆ ಯಾವ ಪದ ಬದಲಿಸಿದರೋ ಅದೇ ನಿಮ್ಮ ತಪ್ಪು ಪದ, ಅವರದ್ದನ್ನು ಹಾಕಿಕೊಳ್ಳಿ.

ಕಲಾವಿದರು ಆ ಊರಿನವರೇ ಆಗಿರಲಿ. ಪದ ಕಲಿಸಬಹುದು, ರಾಗ ಕಲಿಸುವುದು ಕಷ್ಟ. ಸ್ಟುಡಿಯೊದಲ್ಲಿ ಅವರು ಸಾಲನ್ನು ಚೂರು ತಿರುಗಿಸಿದರೆ ತಡೆಯಬೇಡಿ, ಆದರೆ ಗಡಿಯಾರ ಹಿಡಿದಿರಿ. ಸಂಭಾಷಣೆ 20 ಸೆಕೆಂಡ್ ದಾಟಿದರೆ ಹೆಸರು ಮತ್ತು ನಂಬರಿಗೆ ಉಸಿರು ಉಳಿಯುವುದಿಲ್ಲ. ಆಗ ಕ್ರಿಯಾಪದ ಮೊಟಕು ಮಾಡಬೇಡಿ, ಒಂದು ಇಡೀ ವಾಕ್ಯ ತೆಗೆಯಿರಿ.

ಇದೇ ಸಾಲು ಹೋರ್ಡಿಂಗ್‌ಗೂ ಹೋಗುವುದಾದರೆ ಹಾಗೇ ಅಂಟಿಸಬೇಡಿ. ಕಿವಿಗೆ ಸಲೀಸಾಗಿ ಹೋಗುವ ‘ಹೊಡ್ಸ್ದೆ’ ಕಣ್ಣಿಗೆ ಒತ್ತಕ್ಷರದ ಗಂಟು. ಓಡುವ ಬೈಕಿನ ಮೇಲಿಂದ ಅದನ್ನು ಓದಲು ಆಗುವುದಿಲ್ಲ. ಫಲಕಕ್ಕೆ ಊರಿನ ಒಂದು ಕ್ರಿಯಾಪದ ಸಾಕು, ‘ಅಂಗಡಿ ಎಲ್ಲುಂಟು?’ ಅಂತ ದೊಡ್ಡದಾಗಿ ಬರೆದು ಕೆಳಗೆ ವಿಳಾಸ ಕೊಡಿ.