ರವಿಕೆಯ ಅಂಚಿಗೆ ಉದುರದ ಮಣಿ

ಬಸವನಗುಡಿಯ ಛತ್ರವೊಂದರಲ್ಲಿ ಮದುವೆ. ಧಾರೆಯ ಹೊತ್ತಿಗೆ ನನ್ನ ತಂಗಿಯ ಮಗಳು ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ರವಿಕೆಯ ಬಲತೋಳಿನಿಂದ ಚಿನ್ನದ ಬಣ್ಣದ ಸಣ್ಣ ಮಣಿಗಳು ಒಂದರ ಹಿಂದೆ ಒಂದು ನೆಲಕ್ಕೆ ಬೀಳತೊಡಗಿದವು. ಜೋತಾಡುತ್ತಿದ್ದ ದಾರವನ್ನು ಅವಳು ಕಿತ್ತು ಹಾಕಲು ಎಳೆದದ್ದೇ ತಡ, ಉಳಿದ ಸಾಲೂ ಸರ್ರನೆ ಬಿಚ್ಚಿಕೊಂಡಿತು. ಹೊಸ ರವಿಕೆ, ಅಂದೇ ಮೊದಲ ಸಲ ತೊಟ್ಟದ್ದು. “ದೊಡ್ಡಮ್ಮ, ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದೆ” ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಾಗ, ಇದನ್ನು ನಾನೇ ಸರಿಮಾಡಿ ಕೊಡುತ್ತೇನೆ ಎಂದು ಮನೆಗೆ ತಂದೆ.

ಮನೆಯಲ್ಲಿ ತೋಳನ್ನು ಒಳಮಗ್ಗುಲು ತಿರುಗಿಸಿ ನೋಡಿದಾಗ ಕಾರಣ ತಿಳಿಯಿತು. ಅದು ಆರಿ ಸೂಜಿಯ ಕೆಲಸ. ಆರಿಯಲ್ಲಿ ಬೀಳುವುದು ಸರಪಳಿ ಹೊಲಿಗೆ. ಒಂದು ಕುಣಿಕೆಯನ್ನು ಮುಂದಿನ ಕುಣಿಕೆ ಹಿಡಿದಿರುತ್ತದೆ. ಕೊನೆಯ ಕುಣಿಕೆಯನ್ನು ಭದ್ರವಾಗಿ ಬಿಗಿದಿರದಿದ್ದರೆ ಹೂವಿನ ಮಾಲೆಯ ಗಂಟು ಸಡಿಲಿದ ಹಾಗೆ ಇಡೀ ಸಾಲು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆರಿ ಕೆಲಸವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೈ ಪಳಗಿದವರು ತುದಿಯನ್ನು ಚೆನ್ನಾಗಿ ಕಟ್ಟಿಯೇ ಬಿಡುತ್ತಾರೆ, ಅವರ ವೇಗ ನಮಗೆ ಬರುವುದೂ ಇಲ್ಲ. ಆದರೆ ಮನೆಯಲ್ಲಿ ಕೂತು ಒಂದು ಅಂಚಿಗೆ ಮಣಿ ಹಾಕುವವರಿಗೆ ಮಾಮೂಲಿ ಸೂಜಿಯ ಬ್ಯಾಕ್ ಸ್ಟಿಚ್‌ನಷ್ಟು ನಂಬಿಕೆಯದು ಬೇರೆ ಇಲ್ಲ. ಅದರಲ್ಲಿ ದಾರ ಎಲ್ಲೇ ತುಂಡಾದರೂ ಅಲ್ಲಿನ ನಾಲ್ಕಾರು ಮಣಿ ಸಡಿಲವಾಗಬಹುದು. ಸಾಲು ಸಾಲೇ ಉದುರುವುದಿಲ್ಲ.

ಮಣಿಯನ್ನು ಮೊದಲು ಆರಿಸಿಕೊಳ್ಳಬೇಕು, ಏಕೆಂದರೆ ಸೂಜಿ, ದಾರ ಎರಡನ್ನೂ ಅದೇ ತೀರ್ಮಾನಿಸುತ್ತದೆ. ಸಾಸಿವೆ ಗಾತ್ರದ ಈ ಗಾಜಿನ ಮಣಿಗಳಿಗೆ ನಂಬರ್ ಇರುತ್ತದೆ, ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು. ರವಿಕೆಯ ಅಂಚಿಗೆ ಸುಮಾರು 2 ಮಿಲಿಮೀಟರಿನ 11ನೇ ನಂಬರಿನ ಮಣಿ ಹದವಾಗಿ ಕೂರುತ್ತದೆ. 15ನೇ ನಂಬರ್ ನೋಡಲು ಬಲು ಚೆಂದ, ಆದರೆ ಅದರ ತೂತಿನಲ್ಲಿ ದಾರ ಎರಡನೆಯ ಸಲ ಹೋಗಲು ಹಟ ಮಾಡುತ್ತದೆ. 11ನೇ ನಂಬರಿನವನ್ನು ದಾರಕ್ಕೆ ಪೋಣಿಸಿದರೆ ಇಂಚಿಗೆ ಸುಮಾರು 18 ಬರುತ್ತವೆ. ಇವಳ ತೋಳಿನ ಸುತ್ತಳತೆ 11 ಇಂಚು, ಅಂದರೆ ತೋಳಿಗೆ 200 ಮಣಿ, ಎರಡಕ್ಕೂ 400. ಹತ್ತು ಗ್ರಾಂ ಪೊಟ್ಟಣದಲ್ಲಿ ಸಾವಿರದ ಆಸುಪಾಸು ಇರುತ್ತವೆ, ಸಾಕು. ಕಡಿಮೆ ಬಿದ್ದರೆ ಮತ್ತೆ ತರೋಣ ಎಂದುಕೊಳ್ಳಬೇಡಿ. ಚಿಕ್ಕಪೇಟೆಗೆ ಎರಡನೆಯ ಸಲ ಹೋದಾಗ ಅದೇ ಬಣ್ಣ ಸಿಕ್ಕರೂ ಅದೇ ಛಾಯೆ ಸಿಗುವುದು ಅದೃಷ್ಟ.

ತಂದ ಕೂಡಲೇ ಹತ್ತು ಮಣಿಗಳನ್ನು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಸ್ವಲ್ಪ ಸೋಪಿನ ಪುಡಿಯೊಂದಿಗೆ ಕಟ್ಟಿ ರಾತ್ರಿ ಬಿಡಿ, ಬೆಳಿಗ್ಗೆ ಅದೇ ಬಟ್ಟೆಯಲ್ಲಿ ತಿಕ್ಕಿ. ಮೇಲ್ಬಣ್ಣ ಬಳಿದ ಮಣಿಯಾದರೆ ಬಟ್ಟೆಗೆ ಬಣ್ಣ ಹತ್ತುತ್ತದೆ. ಅಂಥದ್ದು ಬೆವರಿಗೂ ಬಿಡುತ್ತದೆ, ರೇಷ್ಮೆಗೆ ಹತ್ತಿದ ಕಲೆ ಹೋಗುವುದಿಲ್ಲ. ಆ ಪೊಟ್ಟಣವನ್ನು ಬಾಗಿಲ ತೋರಣಕ್ಕೆ ಇಟ್ಟುಕೊಳ್ಳಿ. ಕೊಳವೆಯಾಕಾರದ ಕಟ್‌ದಾನಾ ಹಾಕುವ ಆಸೆ ಇದ್ದರೆ ಒಂದು ಮಾತು: ಅದರ ಕತ್ತರಿಸಿದ ತುದಿ ಬ್ಲೇಡಿನಂತೆ ದಾರವನ್ನು ಸವೆಸುತ್ತದೆ. ಎರಡೂ ತುದಿಗೆ ಒಂದೊಂದು ದುಂಡು ಮಣಿ ಕೊಟ್ಟು ಹೊಲಿಯಬೇಕು.

ದಾರದ ವಿಷಯದಲ್ಲೇ ಹೆಚ್ಚಿನವರು ಸೋಲುವುದು. ಡಬ್ಬಿಯಲ್ಲಿ ಕಸೂತಿಯ ಹತ್ತಿ ನೂಲು ಬಣ್ಣಬಣ್ಣದ್ದಿರುತ್ತದೆ, ಅದರಲ್ಲೇ ಹೊಲಿದುಬಿಡುತ್ತಾರೆ. ಹತ್ತಿ ನೂಲು ಹೂವು, ಬಳ್ಳಿ ತುಂಬಲು ಸರಿ. ಗಾಜಿನ ತೂತಿನ ಅಂಚಿಗೆ ಅದು ನಿಲ್ಲದು, ಕಂಕುಳ ಬಳಿಯ ಬೆವರಿಗೆ ಇನ್ನೂ ಬೇಗ ಸೋಲುತ್ತದೆ. ಮೀನಿನ ಗಾಳದ ದಾರದಂತಿರುವ ಪಾರದರ್ಶಕ ನೈಲಾನ್ ಎಳೆಯೂ ಬೇಡ. ಅದರ ಗಂಟು ಜಾರುತ್ತದೆ, ಕತ್ತರಿಸಿದ ತುದಿ ಚರ್ಮವನ್ನು ಚುಚ್ಚುತ್ತದೆ, ಇಸ್ತ್ರಿಯ ಬಿಸಿಗೆ ಕರಗುತ್ತದೆ. ಮಣಿ ಪೋಣಿಸಲೆಂದೇ ಬರುವ ನುಣುಪಾದ ನೈಲಾನ್ ದಾರ ಸಿಕ್ಕರೆ ಒಂಟಿ ಎಳೆ ಸಾಕು. ಸಿಗದಿದ್ದರೆ ಹೊಲಿಗೆ ಯಂತ್ರದ ಒಳ್ಳೆಯ ಪಾಲಿಯೆಸ್ಟರ್ ದಾರವನ್ನು ಎರಡೆಳೆ ಮಾಡಿಕೊಳ್ಳಿ. ನಾನು ಈ ರವಿಕೆಗೆ ಬಳಸಿದ್ದು ಒಂಟಿ ನೈಲಾನ್. ಬಣ್ಣವನ್ನು ಬಟ್ಟೆಗೆ ಹೊಂದಿಸಿ. ಮಣಿ ಪಾರದರ್ಶಕವಾಗಿದ್ದರೆ ಮಾತ್ರ ಮಣಿಯ ಬಣ್ಣದ ದಾರ ಬೇಕು, ಏಕೆಂದರೆ ಒಳಗಿನ ದಾರ ಹೊರಗೆ ಕಾಣುತ್ತದೆ. ಮೊಳಕ್ಕಿಂತ ಸ್ವಲ್ಪ ಉದ್ದ ಕತ್ತರಿಸಿ, ಜೇನುಮೇಣದ ಉಂಡೆಯ ಮೇಲೆ ಒಮ್ಮೆ ಎಳೆದು, ಬೆರಳುಗಳ ನಡುವೆ ಹಾಯಿಸಿ. ಮೇಣ ಹಿಡಿದ ದಾರ ಸಿಕ್ಕುಬೀಳುವುದು ಕಡಿಮೆ. ಉದ್ದ ದಾರ ತೆಗೆದುಕೊಂಡರೆ ಕೆಲಸ ಬೇಗ ಆಗುತ್ತದೆ ಎಂದು ತೋರುತ್ತದೆ, ಆದರೆ ಪ್ರತಿ ಸಲ ಮಣಿಯೊಳಗೆ ಹಾದು ಅದರ ಹಿಂಭಾಗ ಸವೆದುಹೋಗಿರುತ್ತದೆ.

ಸೂಜಿ 10ನೇ ನಂಬರಿನದು, ತೆಳ್ಳಗಿನದು, ಕಣ್ಣು ದಪ್ಪವಿಲ್ಲದ್ದು ಇರಲಿ. ಮಣಿ ಸೂಜಿ ಎಂದು ಉದ್ದನೆಯದೊಂದು ಬರುತ್ತದೆ; ಪೋಣಿಸಲು ಅದು ಸುಖ, ಬಟ್ಟೆಯೊಳಗೆ ಮೇಲೆ ಕೆಳಗೆ ಚುಚ್ಚುವಾಗ ಬಾಗುತ್ತದೆ. ಅದೇ ನಂಬರಿನ ಗಿಡ್ಡ ಸೂಜಿ ಬಟ್ಟೆಗೆ ವಾಸಿ. ಪರೀಕ್ಷೆ ಸುಲಭ: ಒಂದು ಮಣಿಯೊಳಗೆ ದಾರ ಸಮೇತ ಸೂಜಿಯನ್ನು ಮೂರು ಸಲ ಹಾಯಿಸಿ ನೋಡಿ. ಮೂರನೆಯ ಸಲವೂ ತಳ್ಳದೆ ಹೋದರೆ ಜೋಡಿ ಸರಿಯಿದೆ. ಸಿಕ್ಕಿಕೊಂಡರೆ ಬಲ ಹಾಕಬೇಡಿ, ಮಣಿ ಬಿರುಕು ಬಿಡುತ್ತದೆ. ಕೂಡಲೇ ಒಡೆಯದೆ ಮೂರು ತಿಂಗಳ ಮೇಲೆ ಅರ್ಧವಾಗಿ ಉದುರುತ್ತದೆ.

ಈಗ ಹೊಲಿಗೆ. ಹೊಲಿದು ಮುಗಿದ ರವಿಕೆಯಾದ್ದರಿಂದ ತೋಳಿನ ಕೆಳಗಿನ ಜೋಡಣೆಯನ್ನು ನಾಲ್ಕು ಇಂಚು ಬಿಚ್ಚಿ ಬಟ್ಟೆಯನ್ನು ಚಪ್ಪಟೆ ಮಾಡಿಕೊಂಡೆ. ಲೈನಿಂಗನ್ನೂ ಅಂಚಿನಲ್ಲಿ ಬಿಡಿಸಿ ಪಕ್ಕಕ್ಕೆ ಮಡಚಿದೆ. ಗಂಟುಗಳು ಅದರ ಅಡಿಯಲ್ಲಿ ಮುಚ್ಚಿಹೋದರೆ ತೋಳಿಗೆ ಉಜ್ಜುವುದಿಲ್ಲ. ಚಾಕ್‌ನಲ್ಲಿ ಗೆರೆ ಎಳೆದು, ರಿಂಗಿಗೆ ಬಟ್ಟೆ ಬಿಗಿದೆ. ಹೊಲಿದ ಮಣಿಯ ಮೇಲೆ ಎಂದೂ ರಿಂಗ್ ಕೂರಿಸಬಾರದು. ಮಣಿಗಳನ್ನು ಸ್ಟೀಲ್ ತಟ್ಟೆಯಲ್ಲಿ ಹಳೆಯ ವೆಲ್ವೆಟ್ ತುಂಡು ಹಾಸಿ ಹರಡಿಕೊಂಡರೆ ಉರುಳಿ ಹೋಗುವುದಿಲ್ಲ, ಸೂಜಿಯ ಮೊನೆಗೆ ತಾನಾಗಿಯೇ ಏರುತ್ತವೆ.

ಕಸೂತಿಯಲ್ಲಿ ಗಂಟು ಹಾಕಬಾರದು ಎಂದು ನನ್ನ ತಾಯಿ ಕಲಿಸಿದ್ದರು, ಹಿಂದೆ ಮುಂದೆ ಒಂದೇ ರೀತಿ ಕಾಣಬೇಕಲ್ಲ. ಮಣಿಗೆ ಆ ನಿಯಮ ಬಿಡಿ. ಗೆರೆಯ ಮೇಲೆಯೇ ಎರಡು ಪುಟ್ಟ ಹೊಲಿಗೆ ಹಾಕಿ, ಹಿಂಬದಿಯಲ್ಲಿ ಗಂಟು ಬಿಗಿದು, ಸೂಜಿಯನ್ನು ಮೇಲಕ್ಕೆ ತನ್ನಿ. ಎರಡು ಮಣಿ ಪೋಣಿಸಿ ಗೆರೆಯ ಮೇಲೆ ಮಲಗಿಸಿ, ಎರಡನೆಯ ಮಣಿ ಮುಗಿಯುವ ಜಾಗದಲ್ಲೇ ಸೂಜಿಯನ್ನು ಕೆಳಗಿಳಿಸಿ. ಈಗ ಹಿಂದಕ್ಕೆ ಬಂದು ಆ ಜೋಡಿಯ ಮೊದಲ ಮಣಿಯ ಹಿಂದಿನ ಅಂಚಿನಲ್ಲಿ ಮೇಲೆ ಏಳಿ, ಎರಡೂ ಮಣಿಯೊಳಗೆ ಮತ್ತೊಮ್ಮೆ ಹಾದು ಹೊರಬನ್ನಿ. ದಾರ ಈಗ ಮುಂದಕ್ಕೆ ಮುಖ ಮಾಡಿರುತ್ತದೆ. ಮುಂದಿನ ಎರಡು ಪೋಣಿಸಿ, ಮಲಗಿಸಿ, ಇಳಿಸಿ, ಹಿಂದೆ ಬಂದು ಮತ್ತೆ ಎರಡರೊಳಗೆ. ಹೀಗೆ ಪ್ರತಿ ಮಣಿಗೂ ದಾರ ಎರಡು ಸಲ ಸಿಗುತ್ತದೆ. ಕೆಲವರು ನಾಲ್ಕು ಪೋಣಿಸಿ ಕೊನೆಯ ಎರಡರಲ್ಲಿ ಮಾತ್ರ ಹಿಂದೆ ಬರುತ್ತಾರೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅದು ಸಾಕು; ತೋಳಿಗೆ, ಕತ್ತಿಗೆ ಸಾಲದು, ಬಳೆ ಸಿಕ್ಕಿಕೊಂಡಾಗ ಏಳುವುದು ಆ ಒಂಟಿ ದಾರದ ಮಣಿಗಳೇ. ಮಾವಿನಕಾಯಿ ಬುಟ್ಟಾದ ಬಾಗಿದ ತುದಿ ಬಂದಾಗ ಮಾತ್ರ ಎರಡರ ಬದಲು ಒಂದೊಂದೇ ಮಣಿ ಹಾಕಿ, ಇಲ್ಲದಿದ್ದರೆ ತಿರುವು ಮುರಿದಂತೆ ಕಾಣುತ್ತದೆ.

ಎರಡು ಮಣಿಗೆ ಬಿಡುವ ಜಾಗದಲ್ಲಿ ಕೈ ಕುದುರಲು ಸ್ವಲ್ಪ ಹೊತ್ತು ಬೇಕು. ಜಾಗ ಕಡಿಮೆಯಾದರೆ ಮಣಿಗಳು ಡೊಂಕಾಗಿ ಮೇಲೆದ್ದು ಪರಸ್ಪರ ತಳ್ಳಾಡುತ್ತವೆ, ಹೆಚ್ಚಾದರೆ ನಡುವೆ ದಾರ ಕಾಣುತ್ತದೆ. ಸೂಜಿಯನ್ನು ನೇರವಾಗಿ, ಓರೆಯಾಗದಂತೆ ಇಳಿಸಿದರೆ ಅರ್ಧ ತೊಂದರೆ ಕಳೆಯುತ್ತದೆ. ಎರಡನೆಯ ಸಲ ಮಣಿಯೊಳಗೆ ಹೋಗುವಾಗ ಒಳಗಿರುವ ದಾರವನ್ನೇ ಚುಚ್ಚದಂತೆ ಎಚ್ಚರ. ಚುಚ್ಚಿದರೆ ಎಳೆ ಸೀಳುತ್ತದೆ, ತಪ್ಪಾದಾಗ ಬಿಚ್ಚಲೂ ಬರುವುದಿಲ್ಲ. ಪ್ರತಿ ಐದು ಜೋಡಿಗೊಮ್ಮೆ, ಅಂದರೆ ಹತ್ತು ಮಣಿಗೆ, ಹಿಂಬದಿಯ ಬಟ್ಟೆಯಲ್ಲಿ ಒಂದು ಸಣ್ಣ ಹೊಲಿಗೆ ಹಾಕಿ ಅದರ ಕುಣಿಕೆಯೊಳಗೆ ಸೂಜಿ ಹಾಯಿಸಿ ಬಿಗಿಯಿರಿ. ಮುಂದೆ ಎಂದಾದರೂ ದಾರ ತುಂಡಾದರೆ ನಷ್ಟ ಆ ಹತ್ತರಲ್ಲೇ ನಿಲ್ಲುತ್ತದೆ. ಗಂಟಿಗೆ ಅಂಟು ಹಚ್ಚಬೇಡಿ, ರೇಷ್ಮೆಯ ಮೇಲ್ಮುಖಕ್ಕೆ ಕಲೆಯಾಗಿ ಇಳಿಯುತ್ತದೆ.

ಮೊದಲ ತೋಳಿನಲ್ಲಿ ನಾನೇ ಎಡವಿದೆ. ಭದ್ರವಾಗಲಿ ಎಂದು ಪ್ರತಿ ಹೊಲಿಗೆಯನ್ನೂ ಜೋರಾಗಿ ಎಳೆದಿದ್ದೆ. ರಿಂಗಿನಲ್ಲಿ ಇದ್ದಾಗ ಸಾಲು ನೇರವಾಗಿತ್ತು. ರಿಂಗ್ ತೆಗೆದ ಕೂಡಲೇ ಅಂಚು ಅಪ್ಪಳದಂತೆ ಸುರುಟಿಕೊಂಡಿತು. ಮೂರು ಇಂಚು ಬಿಚ್ಚಿ ಮತ್ತೆ ಮಾಡಿದೆ. ದಾರ ಬಟ್ಟೆಗೆ ತಾಗಿ ನಿಂತರೆ ಸಾಕು, ಬಟ್ಟೆಯನ್ನು ಹಿಂಡಬಾರದು. ಮುಗಿದ ಮೇಲೆ ಉಗುರಿನಿಂದ ಸಾಲಿನುದ್ದಕ್ಕೂ ಅಡಿಯಿಂದ ಮೀಟಿ ನೋಡಿದೆ. ಮಣಿ ತನ್ನ ಜಾಗದಲ್ಲೇ ತಿರುಗಿದರೆ ಚಿಂತೆಯಿಲ್ಲ. ಬಟ್ಟೆಯಿಂದ ಮೇಲೆದ್ದು ದಾರ ತೋರಿಸಿದರೆ ಅಲ್ಲಿ ಮತ್ತೆ ಹೊಲಿಗೆ ಬೇಕು. ಅಂಥವು ಎರಡು ಸಿಕ್ಕವು. ಕೊನೆಗೆ ಸಾಲು ಸಮವಾಗಲೆಂದು ದಾರವನ್ನು ಎಲ್ಲ ಮಣಿಗಳೊಳಗೂ ಇನ್ನೊಮ್ಮೆ ಹಾಯಿಸಿದೆ. ಎರಡೆಳೆ ಪಾಲಿಯೆಸ್ಟರ್‌ನಲ್ಲಿ ಹೊಲಿದಿದ್ದರೆ ಈ ಕೊನೆಯ ಓಟ ಬಿಟ್ಟುಬಿಡಿ, ತೂತಿನಲ್ಲಿ ಜಾಗ ಇರುವುದಿಲ್ಲ.

ಇಸ್ತ್ರಿ ಹಾಕುವಾಗ ದಪ್ಪ ಟವೆಲ್ ಮೇಲೆ ಮಣಿಯ ಮುಖ ಕೆಳಗೆ ಮಾಡಿ, ಹದ ಬಿಸಿಯಲ್ಲಿ, ಸಾಲಿನ ಪಕ್ಕದವರೆಗೆ ಮಾತ್ರ. ಬೀರುವಿನಲ್ಲಿ ಒಳಮಗ್ಗುಲು ತಿರುಗಿಸಿ, ಹಳೆಯ ಮಲ್ಲು ಪಂಚೆಯ ತುಂಡು ನಡುವೆ ಇಟ್ಟು ಮಡಚಿ. ಮಣಿಗೆ ಮಣಿ ಉಜ್ಜಬಾರದು. ತೋಳಿಗೆ ಎರಡೆರಡು ಮಧ್ಯಾಹ್ನ ಹಿಡಿಯಿತು. ಯುಗಾದಿಗೆ ಅವಳು ಅದೇ ರವಿಕೆ ತೊಟ್ಟು ಬಂದು, ಬಳೆ ತುಂಬಿದ ಕೈಯಲ್ಲಿ ಒಬ್ಬಟ್ಟು ಲಟ್ಟಿಸುತ್ತಾ ಕೂತಳು. ನಾನು ಆಗಾಗ ಅವಳ ತೋಳನ್ನೇ ನೋಡುತ್ತಿದ್ದೆ.